ಕ್ಯಾಟಲಾಗ್‌ನಲ್ಲಿ ‘ನಿಯೋ-ನ್ವಾರ್’, ‘ಡ್ರಾಮೆಡಿ’ ಅಂತ ಬರೆದಿದ್ದರೆ ಏನು ಅಂದುಕೊಳ್ಳಬೇಕು?

ಮಲ್ಲಿಗೆಮೊಗ್ಗು

ಎಲ್ಲರಿಗೂ ನಮಸ್ಕಾರ. ಹೋದ ಶನಿವಾರ ನಡೆದದ್ದು ಹೇಳುತ್ತೇನೆ. ಅಮ್ಮ, ನಾನು, ನನ್ನ ಹದಿನೈದು ವರ್ಷದ ಮಗಳು ಊಟ ಮುಗಿಸಿ ಟೀವಿ ಮುಂದೆ ಕೂತೆವು. ಅಮ್ಮ ನಗುವಂಥದ್ದು ಏನಾದರೂ ಹಾಕು ಅಂದರು. ಒಂದು ಸರಣಿಯ ಕೆಳಗೆ ‘ಡ್ರಾಮೆಡಿ’ ಅಂತ ಇತ್ತು. ಕಾಮಿಡಿಯ ಒಂದು ಬಗೆ ಇರಬೇಕು ಅಂದುಕೊಂಡು ಹಾಕಿದೆ. ಮೊದಲ ಹತ್ತು ನಿಮಿಷ ನಗು ಬಂತು. ಆಮೇಲೆ ಕಥೆ ಆಸ್ಪತ್ರೆಗೆ ಹೋಯಿತು. ಹಾಸಿಗೆ ಹಿಡಿದ ಗಂಡ, ಪಕ್ಕದಲ್ಲಿ ಕೂತ ಹೆಂಡತಿ. ಅಪ್ಪ ತೀರಿಕೊಂಡು ಇನ್ನೂ ಒಂದು ವರ್ಷ ಆಗಿಲ್ಲ. ಅಮ್ಮ ಏನೂ ಹೇಳದೆ ಎದ್ದು ಒಳಗೆ ಹೋದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅವತ್ತಿನಿಂದ ಈ ಪದಗಳನ್ನು ಗಮನಿಸುತ್ತಿದ್ದೇನೆ. ನಿಯೋ-ನ್ವಾರ್, ಡ್ರಾಮೆಡಿ, ಮ್ಯಾಜಿಕಲ್ ರಿಯಲಿಸಂ, ಸೈಕಲಾಜಿಕಲ್ ಥ್ರಿಲ್ಲರ್. ಡಿಕ್ಷನರಿ ಅರ್ಥ ನನಗೆ ಬೇಡ, ಅದು ಎಲ್ಲ ಕಡೆ ಸಿಗುತ್ತದೆ. ಪ್ಲೇ ಒತ್ತುವ ಮೊದಲು ಈ ಪದ ನೋಡಿ ನಾನು ಏನು ಊಹಿಸಬಹುದು? ಯಾವುದನ್ನು ಊಹಿಸಬಾರದು? ತಿಳಿದವರು ದಯವಿಟ್ಟು ಹೇಳಿ.

ಹಳೇ ಪ್ರೊಜೆಕ್ಟರ್

ಮೇಡಂ, ನಿಮ್ಮ ಅಮ್ಮನ ವಿಷಯ ಓದಿ ಬೇಜಾರಾಯಿತು. ಫಿಲ್ಮ್ ಸೊಸೈಟಿಯಲ್ಲಿ ಮೂವತ್ತು ವರ್ಷ ಓಡಾಡಿದವನು ನಾನು. ನನಗೆ ತಿಳಿದಷ್ಟು ಹೇಳುತ್ತೇನೆ.

ನೀವು ಬರೆದ ನಾಲ್ಕು ಪದಗಳು ಒಂದೇ ಪ್ರಶ್ನೆಗೆ ಉತ್ತರ ಅಲ್ಲ. ತೊಡಕು ಇರುವುದೇ ಅಲ್ಲಿ. ಡ್ರಾಮೆಡಿ ಕಥೆಯ ದನಿಯ ಬಗ್ಗೆ ಹೇಳುತ್ತದೆ. ನಿಯೋ-ನ್ವಾರ್ ಆ ಲೋಕದಲ್ಲಿ ನ್ಯಾಯ ಸಿಗುತ್ತದೋ ಇಲ್ಲವೋ ಎನ್ನುವುದರ ಬಗ್ಗೆ. ಮ್ಯಾಜಿಕಲ್ ರಿಯಲಿಸಂ ಆ ಲೋಕದಲ್ಲಿ ಏನೇನು ನಡೆಯಬಹುದು ಎನ್ನುವುದರ ಬಗ್ಗೆ. ಸೈಕಲಾಜಿಕಲ್ ಥ್ರಿಲ್ಲರ್ ಭಯ ಎಲ್ಲಿಂದ ಬರುತ್ತದೆ ಎನ್ನುವುದರ ಬಗ್ಗೆ. ಕಥೆ ಏನು ಅಂತ ನಾಲ್ಕರಲ್ಲಿ ಒಂದೂ ಹೇಳುವುದಿಲ್ಲ.

ಇವತ್ತು ಡ್ರಾಮೆಡಿ ಒಂದನ್ನೇ ನೋಡೋಣ. ಅಮೆರಿಕದ ಟೀವಿಯಲ್ಲಿ ಈ ಪದ ಜಾಸ್ತಿ ಓಡಾಡಿದ್ದು 1980ರ ದಶಕದ ಕೊನೆಗೆ. ಅಲ್ಲಿ ಅರ್ಧ ಗಂಟೆಯ ಕಾರ್ಯಕ್ರಮ ಎಂದರೆ ಹಿನ್ನೆಲೆಯಲ್ಲಿ ನಗುವಿನ ಸದ್ದು ಹಾಕಿದ ಕಾಮಿಡಿ. ಒಂದು ಗಂಟೆಯದು ಎಂದರೆ ಪೊಲೀಸ್, ವಕೀಲ, ಡಾಕ್ಟರ್ ಕಥೆ. ನಡುವೆ ಕೆಲವರು ಅರ್ಧ ಗಂಟೆಯ ಕಥೆ ಮಾಡಿ ನಗುವಿನ ಸದ್ದು ತೆಗೆದುಬಿಟ್ಟರು. ಎಲ್ಲಿ ನಗಬೇಕು, ಎಲ್ಲಿ ಅಳಬೇಕು ಅನ್ನುವುದನ್ನು ನೋಡುವವರಿಗೇ ಬಿಟ್ಟರು. ಅದನ್ನು ಯಾವ ಗೂಡಿಗೆ ಹಾಕುವುದು ಅಂತ ತಿಳಿಯದೆ ಎರಡು ಪದ ಸೇರಿಸಿ ಹೊಸ ಪದ ಮಾಡಿದರು.

ಆ ಗೊಂದಲ ಇನ್ನೂ ಹೋಗಿಲ್ಲ. ಅಮೆರಿಕದ ಟೀವಿಗೆ ಕೊಡುವ ಎಮ್ಮಿ ಪ್ರಶಸ್ತಿಯವರು 2015ರಲ್ಲಿ ಅರ್ಧ ಗಂಟೆಯದು ಕಾಮಿಡಿ, ಒಂದು ಗಂಟೆಯದು ಡ್ರಾಮಾ ಎಂದು ನಿಯಮ ಮಾಡಿದರು. ಇದರಿಂದ ಏನಾಯಿತು ಗೊತ್ತಾ? ‘ಆರೆಂಜ್ ಈಸ್ ದ ನ್ಯೂ ಬ್ಲ್ಯಾಕ್’ ಎಂಬ ಜೈಲಿನ ಕಥೆಯಲ್ಲಿ ಉಜೊ ಅಡೂಬಾ ಒಂದೇ ಪಾತ್ರ ಮಾಡಿದ್ದರು. ಅದಕ್ಕೆ 2014ರಲ್ಲಿ ಕಾಮಿಡಿ ವಿಭಾಗದ ಎಮ್ಮಿ ಬಂತು. ಮರುವರ್ಷ ಅದೇ ಪಾತ್ರಕ್ಕೆ ಡ್ರಾಮಾ ವಿಭಾಗದ ಎಮ್ಮಿ! ಪಾತ್ರ ಬದಲಾಗಿರಲಿಲ್ಲ, ಗೂಡು ಬದಲಾಗಿತ್ತು.

ಹಾಗಾಗಿ ಡ್ರಾಮೆಡಿ ಅಂತ ಕಂಡರೆ ನಗು ಇರುತ್ತದೆ ಅನ್ನಬಹುದು. ಆದರೆ ನಗುವಿನಲ್ಲೇ ಮುಗಿಯುತ್ತದೆ ಅನ್ನಲಾಗದು. ಸಾಮಾನ್ಯವಾಗಿ ಅಲ್ಲಿ ಒಂದು ನಿಜವಾದ ನೋವು ಇರುತ್ತದೆ. ಸಾವು, ಡೈವೋರ್ಸ್, ಕುಡಿತ, ಕಾಯಿಲೆ, ಇಂಥದ್ದು ಏನೋ ಒಂದು. ನಗು ಅದರ ಸುತ್ತ ಇರುತ್ತದೆ. ಕೆಳಗಿನ ಎರಡು ಸಾಲಿನ ಸಾರಾಂಶ ಓದಿ. ‘ಕಳೆದುಕೊಂಡ’, ‘ಮನೆಗೆ ಮರಳಿದ’, ‘ಮತ್ತೆ ಬದುಕು ಕಟ್ಟಿಕೊಳ್ಳುವ’ ಎಂಬ ಮಾತು ಇದ್ದರೆ ಆ ನೋವು ಯಾವುದು ಅಂತ ಮೊದಲೇ ಸುಳಿವು ಸಿಗುತ್ತದೆ.

ಮಲ್ಲಿಗೆಮೊಗ್ಗು

ಸರ್, ಈಗ ಹೋಗಿ ಆ ಸರಣಿಯ ಸಾರಾಂಶ ಓದಿದೆ. ಮೊದಲ ಪದವೇ ‘ವಿಧವೆಯಾದ’ ಅಂತ ಇದೆ. ನಾನು ಲೇಬಲ್ ಮಾತ್ರ ಓದಿದ್ದೆ.

ಕಾಫಿಪುಡಿ

ನಿಯೋ-ನ್ವಾರ್ ಸುಲಭ. ನ್ವಾರ್ ಅಂದರೆ ಹಳೇ ಕಪ್ಪು ಬಿಳುಪು ಕ್ರೈಂ ಚಿತ್ರ. ಟೋಪಿ ಹಾಕಿದ ಪತ್ತೇದಾರ, ಮಳೆ, ಸಿಗರೇಟ್ ಹೊಗೆ. ಅದನ್ನೇ ಬಣ್ಣದಲ್ಲಿ ತೆಗೆದರೆ ನಿಯೋ-ನ್ವಾರ್. ರಾತ್ರಿ, ನಿಯಾನ್ ಲೈಟು, ಒದ್ದೆ ರಸ್ತೆ ಕಂಡರೆ ಅದೇ.

ಹಳೇ ಪ್ರೊಜೆಕ್ಟರ್

ಕಾಫಿಪುಡಿಯವರೇ, ನೀವು ಹೇಳಿದ್ದರಲ್ಲಿ ಅರ್ಧ ಸರಿ. ನೋಟ ಹಾಗೇ ಇರುತ್ತದೆ. ಆದರೆ ನೋಟ ಒಂದನ್ನೇ ಹಿಡಿದರೆ ಮೋಸ ಹೋಗುತ್ತೀರಿ.

ಎರಡನೇ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿಗೆ ಅಮೆರಿಕದ ಚಿತ್ರಗಳು ಬರುತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ ಬಾಕಿ ಇದ್ದವೆಲ್ಲ ಒಟ್ಟಿಗೆ ಬಂದವು. 1946ರಲ್ಲಿ ನಿನೋ ಫ್ರಾಂಕ್ ಎಂಬ ವಿಮರ್ಶಕರು ಅವುಗಳಲ್ಲಿ ಕೆಲವನ್ನು ನೋಡಿ ಫಿಲ್ಮ್ ನ್ವಾರ್ ಎಂದು ಕರೆದರು. ನ್ವಾರ್ ಎಂದರೆ ಫ್ರೆಂಚಿನಲ್ಲಿ ಕಪ್ಪು. ತಮಾಷೆ ನೋಡಿ, ಆ ಚಿತ್ರ ತೆಗೆದವರು ತಾವು ನ್ವಾರ್ ತೆಗೆಯುತ್ತಿದ್ದೇವೆ ಅಂದುಕೊಂಡೇ ಇರಲಿಲ್ಲ. ಹೊರಗಿನವರು ಆಮೇಲೆ ಅಂಟಿಸಿದ ಹೆಸರು ಅದು.

ಆಗ ಹಾಲಿವುಡ್‌ನಲ್ಲಿ ಹೇಸ್ ಕೋಡ್ ಎಂಬ ಕಟ್ಟುಪಾಡು ಇತ್ತು. 1934ರಿಂದ ಅದನ್ನು ಬಿಗಿಯಾಗಿ ಜಾರಿ ಮಾಡಿದರು. ಅಪರಾಧ ಮಾಡಿದವನು ಗೆದ್ದಂತೆ ತೋರಿಸುವ ಹಾಗಿರಲಿಲ್ಲ. ಹಾಗಾಗಿ ಹಳೇ ನ್ವಾರ್ ಎಷ್ಟೇ ಕತ್ತಲಾಗಿರಲಿ, ಕೊನೆಗೆ ತಪ್ಪು ಮಾಡಿದವನು ಸಾಯುತ್ತಾನೆ ಇಲ್ಲವೇ ಸಿಕ್ಕಿಬೀಳುತ್ತಾನೆ. 1968ರಲ್ಲಿ ಆ ಕೋಡ್ ಹೋಯಿತು. 1974ರಲ್ಲಿ ‘ಚೈನಾಟೌನ್’ ಬಂತು. ಅದರಲ್ಲಿ ಬಹಳ ಭಾಗ ನಡೆಯುವುದು ಲಾಸ್ ಏಂಜಲೀಸಿನ ಸುಡುಬಿಸಿಲಲ್ಲಿ, ನೀರಿನ ವಿಷಯಕ್ಕೆ. ಅಲ್ಲೆಲ್ಲ ನಿಯಾನೂ ಇಲ್ಲ, ಮಳೆಯೂ ಇಲ್ಲ. ಆದರೆ ಎಲ್ಲಕ್ಕೂ ಕಾರಣನಾದ ದೊಡ್ಡ ಮನುಷ್ಯ ಕೊನೆಗೆ ಏನೂ ಆಗದೆ ಹೊರಟುಹೋಗುತ್ತಾನೆ. ನನಗೆ ನಿಯೋ ಎನ್ನುವ ಪದದ ತೂಕ ಇರುವುದು ಆ ಕೊನೆಯಲ್ಲಿ. ಬಣ್ಣದಲ್ಲಿ ಅಲ್ಲ.

ನಮ್ಮಲ್ಲೇ ನೋಡಿ. ‘ಉಳಿದವರು ಕಂಡಂತೆ’ ಚಿತ್ರಕ್ಕೆ ಈ ಲೇಬಲ್ ಅಂಟಿಸುತ್ತಾರೆ. ಅದು ಮಲ್ಪೆ ಕಡಲ ತೀರದ ಕಥೆ. ಬೆಳಕು, ದೋಣಿ, ಹುಲಿವೇಷ. ಒಂದೇ ಘಟನೆಯನ್ನು ಬೇರೆ ಬೇರೆಯವರು ಕಂಡ ಹಾಗೆ ಹೇಳುತ್ತಾರೆ. ಯಾರು ಸರಿ ಅಂತ ತೀರ್ಪು ಸಿಗುವುದಿಲ್ಲ. ‘ಕವಲುದಾರಿ’ಯಲ್ಲಿ ಟ್ರಾಫಿಕ್ ಪೊಲೀಸ್ ಒಬ್ಬ ತನ್ನದಲ್ಲದ ಹಳೇ ಕೊಲೆ ಕೇಸಿನ ಹಿಂದೆ ಬೀಳುತ್ತಾನೆ. ಬೇಡವೆಂದರೂ ಬಿಡುವುದಿಲ್ಲ. ನ್ವಾರ್ ನಾಯಕನ ಗುಣವೇ ಅದು.

ಹಾಗಾಗಿ ಕ್ಯಾಟಲಾಗ್‌ನಲ್ಲಿ ನಿಯೋ-ನ್ವಾರ್ ಕಂಡರೆ ಒಂದು ಮಾತು ಕೇಳಿಕೊಳ್ಳಿ. ಇವತ್ತು ಕೊನೆಯಲ್ಲಿ ನ್ಯಾಯ ಸಿಗದಿದ್ದರೂ ನನಗೆ ನಡೆಯುತ್ತದೆಯಾ? ಇಲ್ಲ ಅಂತಾದರೆ ಮಾಮೂಲಿ ಪತ್ತೇದಾರಿ ಚಿತ್ರ ಹಾಕಿ.

ಕಾಫಿಪುಡಿ

ಚೈನಾಟೌನ್ ನೋಡಿರಲಿಲ್ಲ. ಆದರೂ ನಿಯಾನ್ ಲೈಟು ಬರೀ ಅಲಂಕಾರ ಅಂತ ನಾನು ಒಪ್ಪುವುದಿಲ್ಲ ಸರ್. ಪೋಸ್ಟರ್ ಮಾಡುವವರು ಆ ನೀಲಿ, ಕೆಂಪು ಹಾಕುವುದೇ ನಮ್ಮಂಥವರು ಗುರುತು ಹಿಡಿಯಲಿ ಅಂತ ಅಲ್ವಾ? ಅದೂ ಒಂದು ಭಾಷೆ.

ಹಳೇ ಪ್ರೊಜೆಕ್ಟರ್

ಅದು ನಿಜ. ಪೋಸ್ಟರ್ ವಿಷಯದಲ್ಲಿ ನಿಮ್ಮ ಮಾತು ಸರಿ.

ಬಿಸಿಲುನಾಡು

ಅಕ್ಕಾ, ಇಷ್ಟೆಲ್ಲ ಯಾಕೆ? ಮನೆಯಲ್ಲಿ ಮಗಳಿದ್ದಾಳೆ ಅಂದಿರಿ. ವಯಸ್ಸಿನ ಗುರುತು ನೋಡಿದರೆ ಸಾಕು. 2021ರ ಐಟಿ ನಿಯಮಗಳ ಪ್ರಕಾರ ಎಲ್ಲ ಓಟಿಟಿಗಳೂ U, U/A 7+, U/A 13+, U/A 16+, A ಅಂತ ಹಾಕಲೇಬೇಕು. ಜೊತೆಗೆ ಹಿಂಸೆ, ಬೈಗುಳ, ಮಾದಕ ವಸ್ತು ಇದೆಯಾ ಅಂತಲೂ ತೋರಿಸಬೇಕು. ನಾನು ಮಕ್ಕಳ ಪ್ರೊಫೈಲ್ ಬೇರೆ ಮಾಡಿ ಪಿನ್ ಹಾಕಿಟ್ಟಿದ್ದೇನೆ. ಏನೂ ತೊಂದರೆ ಆಗಿಲ್ಲ.

ಮಲ್ಲಿಗೆಮೊಗ್ಗು

ಅಣ್ಣಾ, ಮಗಳಿಗೆ ಅದು ಉಪಯೋಗ ಆಗುತ್ತದೆ. ಪಿನ್ ಹಾಕುವುದನ್ನು ನಾನೂ ಮಾಡುತ್ತೇನೆ. ಆದರೆ ಅಮ್ಮನಿಗೆ ಅರವತ್ತೆಂಟು ವರ್ಷ. ಅವರಿಗೆ ಚುಚ್ಚಿದ ದೃಶ್ಯದಲ್ಲಿ ರಕ್ತ ಇರಲಿಲ್ಲ, ಬೈಗುಳ ಇರಲಿಲ್ಲ. ಅದಕ್ಕೆ ಇದ್ದದ್ದು U/A 13+ ಗುರುತು. ನನಗೆ ಬೇಕಾಗಿರುವುದು ಬೇರೆ.

ಗ್ರಂಥಾಲಯದ ಮೇಜು

ಸಿನಿಮಾ ಮಾತಿನ ನಡುವೆ ಪುಸ್ತಕದ ಕಡೆಯಿಂದ ಬರುತ್ತಿದ್ದೇನೆ, ಕ್ಷಮಿಸಿ. ನಾನು ಕಾಲೇಜು ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಮ್ಯಾಜಿಕಲ್ ರಿಯಲಿಸಂ ಪುಸ್ತಕ ಕೊಡಿ ಅಂತ ಹುಡುಗರು ಬರುತ್ತಾರೆ. ನಮ್ಮ ಕಪಾಟಿನಲ್ಲಿ ಅಂಥ ಸಾಲೇ ಇಲ್ಲ. ಪುಸ್ತಕಗಳಿಗೆ ಸಂಖ್ಯೆ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯ 894.814. ಆ ಸಂಖ್ಯೆಗೆ ಭಾಷೆ ಗೊತ್ತು, ಅದರ ಮುಂದೆ ಸೇರುವ ಅಂಕೆಗೆ ಕಾದಂಬರಿಯೋ ಕವನವೋ ಅಂತ ಗೊತ್ತು. ಮಾಂತ್ರಿಕವೋ ಅಲ್ಲವೋ ಅಂತ ಗೊತ್ತಿಲ್ಲ. ಆ ಲೇಬಲ್ ಇರುವುದು ಆನ್‌ಲೈನ್ ಅಂಗಡಿಯ ಪುಟದಲ್ಲಿ, ಪುಸ್ತಕದ ಹಿಂದಿನ ಹೊದಿಕೆಯಲ್ಲಿ.

ಪದ ಹುಟ್ಟಿದ್ದು ಚಿತ್ರಕಲೆಯಲ್ಲಿ. ಜರ್ಮನಿಯ ಫ್ರಾಂಜ್ ರೋ 1925ರಲ್ಲಿ ಆಗಿನ ಕೆಲವು ವರ್ಣಚಿತ್ರಗಳ ಬಗ್ಗೆ ಬರೆಯುತ್ತಾ ಬಳಸಿದರು. ಲ್ಯಾಟಿನ್ ಅಮೆರಿಕದ ಕಾದಂಬರಿಗಳಿಗೆ ಅಂಟಿಕೊಂಡಿದ್ದು ಆಮೇಲೆ.

ನಾನು ಹುಡುಗರಿಗೆ ಹೇಳಿಕೊಡುವ ಪರೀಕ್ಷೆ ಒಂದೇ. ನಡೆಯಲಾಗದ್ದು ನಡೆದಾಗ ಕಥೆಯೊಳಗಿನ ಜನ ಬೆರಗಾಗುತ್ತಾರಾ? ಬೆರಗಾದರೆ ಅದು ಪವಾಡ, ಫ್ಯಾಂಟಸಿ ಅಥವಾ ದೆವ್ವದ ಕಥೆ. ಬೆರಗಾಗದೆ ದನಕ್ಕೆ ಹುಲ್ಲು ಹಾಕುತ್ತಾ ಇದ್ದರೆ ಅದು ಮಾಂತ್ರಿಕ ವಾಸ್ತವ.

ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ತೆಗೆದುಕೊಳ್ಳಿ. ರಾತ್ರಿ ದೀಪ ಆರಿದ ಮೇಲೆ ಜೋತಮ್ಮಂದಿರು, ಅಂದರೆ ದೀಪದ ಜ್ಯೋತಿಗಳು, ಸೇರಿ ಊರ ಸುದ್ದಿ ಮಾತಾಡಿಕೊಳ್ಳುತ್ತಾರೆ. ಅದು ದೊಡ್ಡ ಸಂಗತಿ ಅಂತ ಪುಸ್ತಕ ಎಲ್ಲೂ ಕೂಗಿ ಹೇಳುವುದಿಲ್ಲ. ಪಕ್ಕದ ಮನೆಯ ಹೆಂಗಸರು ಜಗಲಿಯಲ್ಲಿ ಕೂತಷ್ಟೇ ಸಹಜ. ಈಗ ಗಿರೀಶ ಕಾರ್ನಾಡರ ‘ನಾಗಮಂಡಲ’ ನೋಡಿ. ಅಲ್ಲೂ ದೀಪದ ಜ್ಯೋತಿಗಳು ಪಾಳು ಗುಡಿಯಲ್ಲಿ ಸೇರಿ ಹರಟುತ್ತವೆ. ಆದರೆ ಅಲ್ಲಿ ಮರೆಯಲ್ಲಿ ಕೂತು ನೋಡುವ ಮನುಷ್ಯನಿಗೆ ಕಣ್ಣು ನಂಬಲಾಗುವುದಿಲ್ಲ. ಮುಂದೆ ನಾಟಕದ ನಾಯಕಿ ರಾಣಿ ಹುತ್ತಕ್ಕೆ ಕೈಹಾಕಿ ನಾಗನನ್ನು ಹಿಡಿದು ಪ್ರಮಾಣ ಮಾಡಿದಾಗ ಇಡೀ ಊರು ಬೆರಗಾಗಿ ಕೈಮುಗಿಯುತ್ತದೆ. ಎರಡರ ಬೇರೂ ಒಂದೇ ಜನಪದ ನಂಬಿಕೆ. ನನ್ನ ಪರೀಕ್ಷೆಯಲ್ಲಿ ಒಂದಕ್ಕೆ ಲೇಬಲ್ ಸರಿಹೊಂದುತ್ತದೆ, ಇನ್ನೊಂದಕ್ಕೆ ಇಲ್ಲ.

ಮೇಡಂ, ನಿಮಗೆ ಇದರಿಂದ ಉಪಯೋಗ ಏನೆಂದರೆ, ಈ ಲೇಬಲ್ ಇದ್ದರೆ ಮಾಯೆಗೆ ಕಾರಣ ಕೇಳಬೇಡಿ. ಕೊನೆಯವರೆಗೂ ಹೇಳುವುದಿಲ್ಲ. ‘ಯಾಕೆ ಹಾಗಾಯಿತು’ ಎಂದು ಕಾಯುವವರಿಗೆ ಈ ಬಗೆ ಬೇಸರ ತರುತ್ತದೆ.

ಕಾಡುಹಾದಿ

ಲೈಬ್ರರಿ ಮೇಡಂ, ನಿಮ್ಮ ಪರೀಕ್ಷೆ ಚೆನ್ನಾಗಿದೆ. ಆದರೆ ನನಗೆ ಒಂದು ಕಡೆ ಕುಟುಕುತ್ತದೆ. ನಾನು ದಕ್ಷಿಣ ಕನ್ನಡದವನು. ನಮ್ಮ ಮನೆಯಲ್ಲಿ ಕೋಲ ನಡೆಯುತ್ತದೆ. ದೈವ ಮಾತಾಡುತ್ತದೆ, ಅಜ್ಜಿ ಉತ್ತರ ಕೊಡುತ್ತಾರೆ, ಜಾಗದ ಜಗಳ ಅಲ್ಲೇ ತೀರ್ಮಾನ ಆಗುತ್ತದೆ. ಯಾರೂ ಬೆರಗಾಗುವುದಿಲ್ಲ. ಹಾಗಾದರೆ ಅಜ್ಜಿಯ ದಿನಚರಿ ಬರೆದರೆ ಅದೂ ಮಾಂತ್ರಿಕ ವಾಸ್ತವವಾ? ನಮಗೆ ಅದು ಬರೀ ವಾಸ್ತವ. ಅದರಲ್ಲಿ ‘ಮಾಂತ್ರಿಕ’ ಅನ್ನುವ ಅರ್ಧ ಯಾರದು?

ಗ್ರಂಥಾಲಯದ ಮೇಜು

ನಿಮ್ಮ ಪ್ರಶ್ನೆಯನ್ನೇ ಕ್ಯೂಬಾದ ಅಲೆಹೊ ಕಾರ್ಪೆಂಟಿಯರ್ ಎತ್ತಿದ್ದರು. 1949ರ ತಮ್ಮ ಕಾದಂಬರಿಗೆ ಬರೆದ ಮುನ್ನುಡಿಯಲ್ಲಿ ಅದು ಇದೆ. ಯುರೋಪಿನವರು ಕಷ್ಟಪಟ್ಟು ಕಲ್ಪಿಸಿಕೊಳ್ಳುವ ಅದ್ಭುತ ನಮ್ಮ ನೆಲದಲ್ಲಿ ನಿತ್ಯದ ಬದುಕು ಎನ್ನುವುದು ಅವರ ವಾದ. ಹೈಟಿಗೆ ಹೋಗಿ ಅಲ್ಲಿನ ಜನರ ನಂಬಿಕೆ ನೋಡಿ ಬಂದ ಮೇಲೆ ಬರೆದದ್ದು. ಹಾಗಾಗಿ ಅವರು ‘ಅದ್ಭುತ ವಾಸ್ತವ’ ಎಂಬ ಬೇರೆ ಪದವನ್ನೇ ಆರಿಸಿಕೊಂಡರು. ನಿಮ್ಮ ಅಜ್ಜಿಯ ವಿಷಯದಲ್ಲಿ ನನ್ನ ಪರೀಕ್ಷೆ ಸೋಲುತ್ತದೆ, ಒಪ್ಪುತ್ತೇನೆ. ಆದರೆ ಕಪಾಟಿನ ಮುಂದೆ ನಿಂತ ಹುಡುಗನಿಗೆ ಬೇರೆ ಏನು ಹೇಳಲಿ ಅಂತ ನನಗೆ ಹೊಳೆಯುತ್ತಿಲ್ಲ.

ಮಲ್ಲಿಗೆಮೊಗ್ಗು

ಇನ್ನು ಉಳಿದಿದ್ದು ಸೈಕಲಾಜಿಕಲ್ ಥ್ರಿಲ್ಲರ್. ಮಗಳಿಗೆ ಇದೇ ಇಷ್ಟ. ಹಾರರ್‌ಗೂ ಇದಕ್ಕೂ ವ್ಯತ್ಯಾಸ ನನಗೆ ತಿಳಿಯುವುದಿಲ್ಲ. ಎರಡರಲ್ಲೂ ಕತ್ತಲೆ ಮನೆ, ಕಿರುಚಾಟ.

ಹಳೇ ಪ್ರೊಜೆಕ್ಟರ್

ಇದಕ್ಕೆ ನಮ್ಮೆಲ್ಲರಿಗೂ ಗೊತ್ತಿರುವ ಕಥೆಯೇ ಸಾಕು. 1993ರಲ್ಲಿ ಮಲಯಾಳಂನಲ್ಲಿ ಫಾಜಿಲ್ ನಿರ್ದೇಶಿಸಿದ ‘ಮಣಿಚಿತ್ರತ್ತಾಳ್’ ಬಂತು. ಅದೇ ಕಥೆ 2004ರಲ್ಲಿ ಕನ್ನಡದಲ್ಲಿ ‘ಆಪ್ತಮಿತ್ರ’, 2005ರಲ್ಲಿ ತಮಿಳಿನಲ್ಲಿ ‘ಚಂದ್ರಮುಖಿ’, 2007ರಲ್ಲಿ ಹಿಂದಿಯಲ್ಲಿ ‘ಭೂಲ್ ಭುಲಯ್ಯಾ’. ಹುಡುಕಿ ನೋಡಿ, ಈ ನಾಲ್ಕಕ್ಕೂ ಒಂದೇ ಲೇಬಲ್ ಸಿಗುವುದಿಲ್ಲ. ಒಂದು ಕಡೆ ಸೈಕಲಾಜಿಕಲ್, ಇನ್ನೊಂದು ಕಡೆ ಹಾರರ್, ಮತ್ತೊಂದು ಕಡೆ ಹಾರರ್ ಕಾಮಿಡಿ.

ಆಪ್ತಮಿತ್ರ ನೆನಪು ಮಾಡಿಕೊಳ್ಳಿ. ಮುಕ್ಕಾಲು ಸಿನಿಮಾ ದೆವ್ವದ ಮನೆಯಂತೆ ನಡೆಯುತ್ತದೆ. ಬೀಗ ಹಾಕಿದ ಕೋಣೆ, ಗೆಜ್ಜೆ ಸದ್ದು, ನಾಗವಲ್ಲಿಯ ಕಥೆ. ಆಮೇಲೆ ಮನೋವೈದ್ಯನ ಪಾತ್ರದಲ್ಲಿರುವ ವಿಷ್ಣುವರ್ಧನ್ ಬಿಡಿಸಿ ಹೇಳುತ್ತಾರೆ. ಗಂಗಾ ತನ್ನನ್ನೇ ನಾಗವಲ್ಲಿ ಎಂದು ನಂಬಿಬಿಟ್ಟಿದ್ದಾಳೆ. ಭಯ ಕೋಣೆಯಲ್ಲಿ ಇರಲಿಲ್ಲ, ಮನಸ್ಸಿನಲ್ಲಿ ಇತ್ತು.

ಹಾಗಾಗಿ ಭಯದ ಮೂಲ ಎಲ್ಲಿದೆ ಅಂತ ಕೇಳಿ. ಬಾಗಿಲ ಹೊರಗೆ ಚಾಕು ಹಿಡಿದವನಿದ್ದರೆ ಬರೀ ಥ್ರಿಲ್ಲರ್. ಈ ಲೋಕದ್ದಲ್ಲದ್ದು ಬಂದರೆ ಹಾರರ್. ಕಣ್ಣಿಗೆ ಕಂಡದ್ದನ್ನೇ ನಂಬಬೇಕೋ ಬೇಡವೋ ಅಂತ ಪಾತ್ರಕ್ಕೂ ನಮಗೂ ಅನುಮಾನ ಬಂದರೆ ಸೈಕಲಾಜಿಕಲ್ ಥ್ರಿಲ್ಲರ್.

ಆದರೆ ಇಲ್ಲಿ ಒಂದು ಇಕ್ಕಟ್ಟು ಇದೆ. ಆಪ್ತಮಿತ್ರವನ್ನು ಮೊದಲ ಸಲ ನೋಡುವವರಿಗೆ ಸೈಕಲಾಜಿಕಲ್ ಅಂತ ಕಾರ್ಡಿನ ಮೇಲೆ ಬರೆದುಬಿಟ್ಟರೆ ಅರ್ಧ ಗುಟ್ಟು ಬಿಟ್ಟುಕೊಟ್ಟ ಹಾಗೆ. ಬರೀ ಹಾರರ್ ಅಂತ ಬರೆದರೆ ಗುಟ್ಟು ಉಳಿಯುತ್ತದೆ, ಲೇಬಲ್ ಸುಳ್ಳಾಗುತ್ತದೆ. ಕ್ಯಾಟಲಾಗ್ ಮಾಡುವವರು ಎರಡರಲ್ಲಿ ಒಂದನ್ನು ಬಿಡಲೇಬೇಕು. ಅದಕ್ಕೇ ಈ ಬಗೆಯ ಚಿತ್ರಗಳ ಲೇಬಲ್ ಎಲ್ಲಕ್ಕಿಂತ ಜಾಸ್ತಿ ಅಡ್ಡಾದಿಡ್ಡಿ.

ಕೆರೆದಂಡೆ

ನನ್ನದು ಬೇರೆ ಮಾತು. ನನ್ನ ತಮ್ಮ ಸ್ಕಿಜೋಫ್ರೇನಿಯಾಗೆ ಹನ್ನೊಂದು ವರ್ಷದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ಅಂಗಡಿ ನೋಡಿಕೊಳ್ಳುತ್ತಾನೆ, ಅಮ್ಮನನ್ನು ನೋಡಿಕೊಳ್ಳುತ್ತಾನೆ. ಈ ಲೇಬಲ್ ಇರುವ ಚಿತ್ರಗಳಲ್ಲಿ ಕೊನೆಗೆ ಕೊಲೆಗಾರ ಯಾರು ಅಂದರೆ ಬಹಳ ಸಲ ಕಾಯಿಲೆ ಇರುವವನೇ. ಅವನ ಜೊತೆ ಕೂತು ನೋಡಿದ ದಿನ ಟೀವಿ ಆರಿಸಿ ಅವನೇ ಕೇಳಿದ, ‘ಅಕ್ಕ, ಜನ ನನ್ನನ್ನು ಹೀಗೇ ಅಂದುಕೊಳ್ತಾರಾ?’ ನಾನು ಈಗ ಆ ಪದ ಕಂಡರೆ ಮುಂದಕ್ಕೆ ಹೋಗುತ್ತೇನೆ. ಮಗಳ ಜೊತೆ ನೋಡಿದರೆ ಆಮೇಲೆ ಎರಡು ಮಾತು ಆಡಿ ಅಕ್ಕಾ.

ಮಲ್ಲಿಗೆಮೊಗ್ಗು

ಖಂಡಿತ ಆಡುತ್ತೇನೆ. ನಿಮ್ಮ ತಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಟೈಮ್‌ಕೋಡ್

ಈ ಲೇಬಲ್ ಯಾರು ಹಾಕುತ್ತಾರೆ ಅಂತ ಯಾರೂ ಕೇಳಲಿಲ್ಲ. ನಾನು ಎರಡು ವರ್ಷ ಆ ಕೆಲಸ ಮಾಡಿದ್ದೇನೆ. ಸಬ್‌ಟೈಟಲ್ ಜೊತೆಗೆ ಚಿತ್ರದ ವಿವರ ತುಂಬುವ ಕೆಲಸ. ಒಂದು ಪಟ್ಟಿ ಕೊಡುತ್ತಿದ್ದರು. ಅದರಿಂದ ಮೂರು ಆರಿಸಬೇಕು, ಪಟ್ಟಿಯಲ್ಲಿ ಇಲ್ಲದ ಪದ ಹಾಕುವಂತಿಲ್ಲ. ನಮ್ಮ ಹಳೇ ಪೋಸ್ಟರ್‌ಗಳಲ್ಲಿ ಸಾಂಸಾರಿಕ, ಸಾಮಾಜಿಕ, ಪೌರಾಣಿಕ, ಜಾನಪದ, ಪತ್ತೇದಾರಿ ಅಂತ ಇರುತ್ತಿತ್ತು. ಸಾಂಸಾರಿಕ ಅಂದ ಕೂಡಲೇ ಅತ್ತೆ, ಸೊಸೆ, ಕಣ್ಣೀರು, ಕೊನೆಗೆ ಎಲ್ಲ ಒಂದಾಗುವುದು, ಎಲ್ಲ ತಿಳಿಯುತ್ತಿತ್ತು. ನನ್ನ ಪಟ್ಟಿಯಲ್ಲಿ ಅದಕ್ಕೆ ಇದ್ದ ಜಾಗ ‘ಡ್ರಾಮಾ’ ಒಂದೇ. ಪೌರಾಣಿಕ ಚಿತ್ರ ಒಂದನ್ನು ‘ಫ್ಯಾಂಟಸಿ’ಗೆ ಹಾಕಬೇಕಾಗಿ ಬಂದಾಗ ಕೈ ನಡುಗಿತ್ತು.

ದೊಡ್ಡ ಓಟಿಟಿಗಳಲ್ಲಿ ಇದು ಇನ್ನೂ ಸಣ್ಣಸಣ್ಣದಾಗಿ ಒಡೆಯುತ್ತದೆ. 2014ರಲ್ಲಿ ಅಟ್ಲಾಂಟಿಕ್ ಪತ್ರಿಕೆಯ ಒಬ್ಬ ಪತ್ರಕರ್ತರು ಲೆಕ್ಕ ಹಾಕಿದಾಗ ನೆಟ್‌ಫ್ಲಿಕ್ಸ್‌ನಲ್ಲಿ 76,897 ಬಗೆಗಳು ಸಿಕ್ಕಿದ್ದವು. ಜನ ಕೂತು ಚಿತ್ರ ನೋಡಿ ಗುರುತು ಹಾಕುತ್ತಾರೆ, ಆ ಗುರುತುಗಳನ್ನು ಜೋಡಿಸಿ ಬಗೆಯ ಹೆಸರು ಹುಟ್ಟುತ್ತದೆ.

ನಾವು ಮಾಡುತ್ತಿದ್ದ ಒಂದು ವಿಷಯ ಹೇಳುತ್ತೇನೆ. ಮೊದಲ ಪದವನ್ನು ಯೋಚಿಸಿ ಹಾಕುತ್ತಿದ್ದೆವು. ಎರಡನೆಯದನ್ನೂ ಸ್ವಲ್ಪ ಯೋಚಿಸಿ. ಮೂರನೆಯದು ಬಹಳ ಸಲ ಹುಡುಕಾಟದಲ್ಲಿ ಸಿಗಲಿ ಅಂತ. ನಾನು ಕೆಲಸ ಮಾಡಿದ ಕಡೆ ಹಾಗಿತ್ತು, ಎಲ್ಲ ಕಡೆ ಹಾಗೇ ಅಂತ ಹೇಳಲಾರೆ. ಆದರೂ ‘ಕಾಮಿಡಿ, ಡ್ರಾಮಾ’ ಅಂತ ಇರುವುದಕ್ಕೂ ‘ಡ್ರಾಮಾ, ಕಾಮಿಡಿ’ ಅಂತ ಇರುವುದಕ್ಕೂ ವ್ಯತ್ಯಾಸ ನೋಡಿ.

ಹಳೇ ಪ್ರೊಜೆಕ್ಟರ್

ಮೂವತ್ತು ವರ್ಷದಲ್ಲಿ ನನಗೆ ಇದು ಗೊತ್ತಿರಲಿಲ್ಲ. ಧನ್ಯವಾದ.

ಮಲ್ಲಿಗೆಮೊಗ್ಗು

ಎಲ್ಲರಿಗೂ ನಿನ್ನೆಯ ಸುದ್ದಿ ಹೇಳುತ್ತೇನೆ. ಮತ್ತೆ ಶನಿವಾರ, ಮತ್ತೆ ಮೂವರೂ ಕೂತೆವು. ಈ ಸಲ ರಿಮೋಟ್ ಅಮ್ಮನ ಕೈಗೆ ಕೊಟ್ಟೆ. ಒಂದು ಚಿತ್ರಕ್ಕೆ ‘ಕಾಮಿಡಿ, ಡ್ರಾಮಾ’ ಅಂತ ಇತ್ತು. ಸಾರಾಂಶ ಜೋರಾಗಿ ಓದಿದೆ. ನಿವೃತ್ತ ಮೇಷ್ಟ್ರು, ಮಗನ ಮದುವೆ, ಕಳೆದುಹೋದ ಉಂಗುರ. ಅಮ್ಮ ಕೇಳಿದರು, ‘ಮೇಷ್ಟ್ರ ಹೆಂಡತಿ ಇದ್ದಾರಾ ಇಲ್ಲವಾ?’ ಸಾರಾಂಶದಲ್ಲಿ ಅದು ಇರಲಿಲ್ಲ. ಮಗಳು ಫೋನಿನಲ್ಲಿ ಹುಡುಕಿ ‘ಇದ್ದಾರೆ ಅಜ್ಜಿ, ಕೊನೆವರೆಗೂ ಇದ್ದಾರೆ’ ಅಂದಳು. ಆಮೇಲೆ ಹಾಕಿದೆವು. ಅಮ್ಮ ಕೊನೆವರೆಗೂ ಕೂತಿದ್ದರು.

ಕಾಡುಹಾದಿ

ಕೇಳಿ ಸಂತೋಷ ಆಯಿತು ಅಕ್ಕಾ. ಲೈಬ್ರರಿ ಮೇಡಂ, ನಿನ್ನೆ ನಾಗಮಂಡಲ ಮತ್ತೆ ಓದಿದೆ. ರಾಣಿಗೆ ಮಾತ್ರ ಕೊನೆಯವರೆಗೂ ಪೂರ್ತಿ ಬೆರಗಿಲ್ಲ. ರಾತ್ರಿ ಒಂದು ಥರ, ಹಗಲು ಒಂದು ಥರ ಇರುವ ಗಂಡನನ್ನು ಹಾಗೇ ಒಪ್ಪಿಕೊಳ್ಳುತ್ತಾಳೆ. ಊರಿನ ಕಣ್ಣಿನಿಂದ ಅಲ್ಲದೆ ಅವಳ ಕಣ್ಣಿನಿಂದ ಓದಿದರೆ ನಿಮ್ಮ ಪರೀಕ್ಷೆ ಏನು ಹೇಳುತ್ತದೆ?